ಬಾರದ ಬಾಕಿಯ ಅಂದಾಜು ಯಾವ ಕಡೆ ವಾಲಿದೆ?

(ಹುಬ್ಬಳ್ಳಿಯಲ್ಲಿ ನಡೆದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೇಳಲು ಬಂದವರಲ್ಲಿ ಆಡಿಟರ್‌ಗಳು, ಆರ್ಟಿಕಲ್‌ಶಿಪ್ ಮಾಡುತ್ತಿರುವ ಹುಡುಗ ಹುಡುಗಿಯರು, ಕಂಪನಿಗಳ ಅಕೌಂಟ್ಸ್ ವಿಭಾಗದವರು ಇದ್ದರು.)

ಎಲ್ಲರಿಗೂ ನಮಸ್ಕಾರ.

ಮಾರ್ಚ್ 31ರಂದು ಗೋಡೌನಿಗೆ ಹೋದರೆ ಎಷ್ಟು ಪಂಪ್‌ಸೆಟ್ ಇದೆ ಎಂದು ಎಣಿಸಬಹುದು. ಬ್ಯಾಂಕಿಗೆ ಪತ್ರ ಬರೆದರೆ ಖಾತೆಯಲ್ಲಿ ಎಷ್ಟಿದೆ ಎಂದು ಉತ್ತರ ಬರುತ್ತದೆ. ಡೀಲರ್‌ಗೆ ಬರೆದರೆ, ಹೌದು, ನಾನು ಇಷ್ಟು ಕೊಡಬೇಕು ಎಂದು ಅವರೂ ಒಪ್ಪಬಹುದು. ಆದರೆ ಅವರು ಒಪ್ಪಿದ ದುಡ್ಡಿನಲ್ಲಿ ಎಷ್ಟು ನಿಜಕ್ಕೂ ಕೈಗೆ ಬರುತ್ತದೆ, ಎಷ್ಟು ಬರುವುದಿಲ್ಲ? ಇದನ್ನು ಎಣಿಸಿ ನೋಡಲು ಯಾವ ಗೋಡೌನೂ ಇಲ್ಲ. ಯಾರೋ ಒಬ್ಬರು ಕೂತು ಅಂದಾಜು ಮಾಡಬೇಕು. ಆ ಅಂದಾಜು ಮಾಡುವವರು ಮ್ಯಾನೇಜ್‌ಮೆಂಟಿನವರು. ವರ್ಷದ ಲಾಭ ಎಷ್ಟು ಬರಬೇಕು ಎಂಬ ಚಿಂತೆಯೂ ಅವರದೇ.

ಅಂದಾಜುಗಳ ಆಡಿಟ್ ಎಂದರೆ ಎಷ್ಟೋ ವಿಷಯ ಬರುತ್ತದೆ. ಇವತ್ತು ಅದರಲ್ಲಿ ಒಂದನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಉದ್ರಿ ಬಾಕಿಯ ಮೇಲಿನ ಇಸಿಎಲ್, ಅಂದರೆ ಮುಂದೆ ಆಗಬಹುದಾದ ನಷ್ಟಕ್ಕೆ ಈಗಲೇ ತೆಗೆದಿಡುವ ಪ್ರಾವಿಷನ್. ಅದರೊಳಗೆ ಮ್ಯಾನೇಜ್‌ಮೆಂಟಿನ ಒಲವು ಸೇರಿಕೊಂಡಿದ್ದರೆ ಹೇಗೆ ಗೊತ್ತಾಗುತ್ತದೆ ಎಂಬುದು ನಮ್ಮ ಪ್ರಶ್ನೆ. ಒಂದು ಉದಾಹರಣೆ ಹಿಡಿದು ಹೋಗೋಣ. ನಾನು ಕಂಡ ಎರಡು ಮೂರು ಕಂಪನಿಗಳ ಸಂಗತಿಗಳನ್ನು ಒಂದೇ ಕಂಪನಿಗೆ ಸೇರಿಸಿದ್ದೇನೆ. ಅಂಕಿಗಳನ್ನು ಬದಲಿಸಿ ಲೆಕ್ಕಕ್ಕೆ ಸುಲಭ ಮಾಡಿದ್ದೇನೆ.

ಕಂಪನಿ ಮತ್ತು ಅದರ ಲೆಕ್ಕ

ಈ ಕಂಪನಿ ಉತ್ತರ ಕರ್ನಾಟಕದ ಡೀಲರ್‌ಗಳಿಗೆ ಪಂಪ್‌ಸೆಟ್, ಪೈಪು ಮಾರುತ್ತದೆ. ವರ್ಷಕ್ಕೆ ಸುಮಾರು 200 ಕೋಟಿ ವ್ಯಾಪಾರ. ಲಿಸ್ಟೆಡ್ ಕಂಪನಿಯೊಂದರ ಅಂಗಸಂಸ್ಥೆ ಆಗಿರುವುದರಿಂದ ಲೆಕ್ಕಪತ್ರದ ಸ್ಟ್ಯಾಂಡರ್ಡ್ ಇಂಡ್ ಎಎಸ್ 109 ಅನ್ವಯಿಸುತ್ತದೆ. 2025ರ ಮಾರ್ಚ್ 31ಕ್ಕೆ ಡೀಲರ್‌ಗಳಿಂದ ಬರಬೇಕಾದ ಬಾಕಿ 60 ಕೋಟಿ.

ವ್ಯಾಪಾರದ ಬಾಕಿಗೆ ಇಂಡ್ ಎಎಸ್ 109 ಒಂದು ಸರಳ ದಾರಿ ಕೊಟ್ಟಿದೆ. ಫೈನಾನ್ಸ್ ಕಂಪನಿಗಳ ಹಾಗೆ ಸಾಲವನ್ನು ಮೂರು ಹಂತಗಳಲ್ಲಿ ವಿಂಗಡಿಸಬೇಕಾಗಿಲ್ಲ. ಬಾಕಿಯನ್ನು ಗಡುವು ಮೀರಿದ ದಿನಗಳ ಪ್ರಕಾರ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಂದು ಶೇಕಡಾ ದರ ಹಚ್ಚಿದರೆ ಆಯಿತು. ಇದಕ್ಕೆ ಪ್ರಾವಿಷನ್ ಮ್ಯಾಟ್ರಿಕ್ಸ್ ಎನ್ನುತ್ತಾರೆ.

ಆ ದರ ಎಲ್ಲಿಂದ ಬರುತ್ತದೆ? ಕಂಪನಿ ಹಿಂದಿನ ಮೂರು ವರ್ಷದ ಮಾರಾಟ ತೆಗೆದುಕೊಂಡಿತ್ತು. 2020-21, 2021-22, 2022-23. ಅದಕ್ಕಿಂತ ಈಚಿನ ಬಿಲ್‌ಗಳ ಕತೆ ಇನ್ನೂ ಮುಗಿದಿಲ್ಲವಾದ್ದರಿಂದ ಅವನ್ನು ಬಿಟ್ಟಿತ್ತು, ಅದು ಸರಿ. ಸರಾಸರಿ 200 ಕೋಟಿ ಮಾರಾಟದಲ್ಲಿ ಗಡುವು ಮೀರಿದ್ದು 80 ಕೋಟಿ. 90 ದಿನ ದಾಟಿದ್ದು 30 ಕೋಟಿ. 180 ದಿನ ದಾಟಿದ್ದು 12 ಕೋಟಿ. ವರ್ಷ ದಾಟಿದ್ದು 5 ಕೋಟಿ. ಕೊನೆಗೆ ಬಾರದೇ ಹೋಗಿದ್ದು 1.2 ಕೋಟಿ. ಈ 1.2 ಕೋಟಿಯನ್ನು ಒಂದೊಂದು ಹಂತದ ಮೊತ್ತದಿಂದ ಭಾಗಿಸಿದರೆ ಆ ಹಂತದ ದರ ಸಿಗುತ್ತದೆ. 1.2ನ್ನು 200ರಿಂದ ಭಾಗಿಸಿದರೆ 0.6%. ಅದನ್ನೇ 5ರಿಂದ ಭಾಗಿಸಿದರೆ 24%. ಬಾಕಿ ಹಳೆಯದಾದಷ್ಟೂ ದರ ಜಾಸ್ತಿಯಾಗುತ್ತದೆ.

| ಬಾಕಿಯ ವಯಸ್ಸು | ಮೊತ್ತ (ಕೋಟಿ ರೂ.) | ದರ | ಪ್ರಾವಿಷನ್ (ಲಕ್ಷ ರೂ.) |
|---|---|---|---|
| ಗಡುವು ಇನ್ನೂ ಮೀರಿಲ್ಲ | 30 | 0.6% | 18 |
| 1ರಿಂದ 90 ದಿನ | 16 | 1.5% | 24 |
| 91ರಿಂದ 180 ದಿನ | 8 | 4% | 32 |
| 181ರಿಂದ 365 ದಿನ | 4 | 10% | 40 |
| ಒಂದು ವರ್ಷ ದಾಟಿದ್ದು | 2 | 24% | 48 |
| ಒಟ್ಟು | 60 | | 162 |

ಇದಾದ ಮೇಲೆ ಮುಂದಿನ ದಿನಗಳ ಪರಿಸ್ಥಿತಿ ಹೇಗಿರಬಹುದು ಎಂದು ನೋಡಿ ದರವನ್ನು ಹೊಂದಿಸಬೇಕು, ಇದೂ ಸ್ಟ್ಯಾಂಡರ್ಡಿನಲ್ಲೇ ಇದೆ. 2024ರಲ್ಲಿ ಮಳೆ ಚೆನ್ನಾಗಿ ಆಯಿತು, ರೈತರ ಕೈಯಲ್ಲಿ ದುಡ್ಡಿದೆ, ಡೀಲರ್‌ಗಳೂ ಬೇಗ ಕೊಡುತ್ತಾರೆ ಎಂದು ಕಂಪನಿ 10% ಕಡಿತ ಮಾಡಿತ್ತು. ಕೊನೆಗೆ ನಿಂತ ಪ್ರಾವಿಷನ್ ಸುಮಾರು 1.46 ಕೋಟಿ.

ಗುಣಾಕಾರ, ಕೂಡಿಕೆ ಎಲ್ಲ ಸರಿ ಇತ್ತು. ಎಕ್ಸೆಲ್ ಹಾಳೆಯಲ್ಲಿ ಒಂದೂ ತಪ್ಪಿರಲಿಲ್ಲ. ಎಷ್ಟೋ ಕಡೆ ಆಡಿಟ್ ಇಲ್ಲಿಗೇ ಮುಗಿಯುತ್ತದೆ. ಲೆಕ್ಕ ಮತ್ತೆ ಮಾಡಿ ನೋಡಿದೆವು, ತಾಳೆಯಾಯಿತು ಎಂದು ಫೈಲಿನಲ್ಲಿ ಬರೆದು ಟಿಕ್ ಹಾಕುತ್ತಾರೆ. ಇದು ನನಗೆ ತುಂಬಾ ಬೇಸರದ ವಿಷಯ. ಗುಣಾಕಾರ ಯಾರು ಬೇಕಾದರೂ ಸರಿ ಮಾಡುತ್ತಾರೆ. ತೀರ್ಮಾನ ಅಡಗಿರುವುದು ಯಾವ ವರ್ಷಗಳನ್ನು ಆರಿಸಿದರು, ಬಾಕಿಯ ವಯಸ್ಸನ್ನು ಹೇಗೆ ಎಣಿಸಿದರು, ಕಡಿತ ಯಾಕೆ ಮಾಡಿದರು ಎಂಬಲ್ಲಿ.

ಮೊದಲು ಹೋದ ವರ್ಷದ ಅಂದಾಜು ತೆರೆಯಿರಿ

ನಾನು ಎಲ್ಲಕ್ಕಿಂತ ಮೊದಲು ಮಾಡುವ ಕೆಲಸ ಇದು. ಅಂದಾಜುಗಳ ಆಡಿಟ್ ಬಗ್ಗೆ ಇರುವ ಸ್ಟ್ಯಾಂಡರ್ಡ್ ಎಸ್‌ಎ 540 ಇದನ್ನು ಕೇಳುತ್ತದೆ, ವಂಚನೆಗೆ ಸಂಬಂಧಿಸಿದ ಎಸ್‌ಎ 240 ಕೂಡ ಕೇಳುತ್ತದೆ. ಹೋದ ವರ್ಷ ಇದೇ ದಿನ ಏನು ಅಂದಾಜು ಮಾಡಿದ್ದರು, ಆಮೇಲೆ ನಿಜವಾಗಿ ಏನಾಯಿತು?

2024ರ ಮಾರ್ಚ್‌ನಲ್ಲಿ ಕಂಪನಿಯ ಪ್ರಾವಿಷನ್ 1.50 ಕೋಟಿ ಇತ್ತು. ಆ ಬಾಕಿಯಲ್ಲಿ ವರ್ಷದೊಳಗೆ ಬ್ಯಾಡ್ ಡೆಟ್ ಎಂದು ತೆಗೆದದ್ದು ಬರೀ 60 ಲಕ್ಷ. ಹಣಕಾಸು ಮುಖ್ಯಸ್ಥರು ಇದನ್ನೇ ತೋರಿಸಿದರು. "ನೋಡಿ ಸರ್, ಹೋದ ವರ್ಷ 90 ಲಕ್ಷ ಜಾಸ್ತಿ ಇಟ್ಟಿದ್ದೆವು. ಅದಕ್ಕೇ ಈ ವರ್ಷ ಸ್ವಲ್ಪ ಕಮ್ಮಿ ಮಾಡಿದ್ದೇವೆ."

ಮೇಲ್ನೋಟಕ್ಕೆ ಇದು ನ್ಯಾಯವಾದ ಮಾತು. ಆದರೆ ನಷ್ಟವೆಲ್ಲ ಬ್ಯಾಡ್ ಡೆಟ್ ಖಾತೆಯಲ್ಲೇ ಕಾಣಿಸಬೇಕು ಎಂದೇನಿಲ್ಲ. ಹೋದ ವರ್ಷದ ಬಾಕಿ ಪಟ್ಟಿಯ ಒಂದೊಂದು ದೊಡ್ಡ ಬಿಲ್ಲನ್ನೂ ಹಿಡಿದು, ಅದು ಹೇಗೆ ಮುಗಿಯಿತು ಎಂದು ನೋಡಿದೆವು. ದುಡ್ಡು ಬಂದು ಮುಗಿಯಿತಾ, ಕ್ರೆಡಿಟ್ ನೋಟ್ ಕೊಟ್ಟು ಮುಗಿಸಿದರಾ, ಇನ್ನೂ ಹಾಗೇ ಇದೆಯಾ?

ಆ ಬಿಲ್‌ಗಳ ಮೇಲೆ "ದರ ವ್ಯತ್ಯಾಸ" ಎಂಬ ಹೆಸರಿನಲ್ಲಿ 85 ಲಕ್ಷದ ಕ್ರೆಡಿಟ್ ನೋಟ್‌ಗಳು ಸಿಕ್ಕವು. ಇಲ್ಲಿ ಆತುರ ಪಡಬಾರದು. ನಿಜವಾಗಿ ಮಾಲು ವಾಪಸ್ ಬಂದಿದ್ದರೆ, ದರದ ಬಗ್ಗೆ ಮೊದಲೇ ಒಪ್ಪಂದ ಇದ್ದಿದ್ದರೆ ಅದು ಮಾರಾಟಕ್ಕೆ ಸಂಬಂಧಿಸಿದ ಇಳಿಕೆ, ಸಾಲದ ನಷ್ಟ ಅಲ್ಲ. 30 ಲಕ್ಷಕ್ಕೆ ಮಾಲು ವಾಪಸ್ ಬಂದ ಚೀಟಿ, ಗೋಡೌನಿನ ಎಂಟ್ರಿ ಎಲ್ಲ ಇತ್ತು. ಅದನ್ನು ಬಿಟ್ಟೆವು. ಉಳಿದ 55 ಲಕ್ಷಕ್ಕೆ ಏನೂ ಇರಲಿಲ್ಲ. ಬಿಲ್ ಆಗಿ ವರ್ಷ ಕಳೆದ ಮೇಲೆ, ಡೀಲರ್ ಅರ್ಧ ದುಡ್ಡು ಕೊಟ್ಟ ದಿನವೇ ಉಳಿದರ್ಧಕ್ಕೆ ಕ್ರೆಡಿಟ್ ನೋಟ್. ಇದು ಸೆಟಲ್‌ಮೆಂಟ್, ಅಲ್ವಾ? ಹೆಸರು ಏನೇ ಇಟ್ಟರೂ ಅದು ಬಾರದೇ ಹೋದ ಸಾಲ.

ಅಲ್ಲಿಗೆ ನಷ್ಟ 60 ಲಕ್ಷ ಇದ್ದದ್ದು 1.15 ಕೋಟಿ ಆಯಿತು. ಜೊತೆಗೆ ಅದೇ ಬಿಲ್‌ಗಳಲ್ಲಿ 2 ಕೋಟಿ ಇನ್ನೂ ಬಾಕಿ ಇದೆ, ವರ್ಷ ದಾಟಿದೆ. ಕಂಪನಿಯ ಸ್ವಂತ 24% ದರವನ್ನೇ ಹಾಕಿದರೂ ಅದರಲ್ಲಿ 48 ಲಕ್ಷ ಹೋಗುತ್ತದೆ. ಎರಡೂ ಸೇರಿ 1.63 ಕೋಟಿ. ಅಂದರೆ ಹೋದ ವರ್ಷದ ಪ್ರಾವಿಷನ್ ಜಾಸ್ತಿ ಆಗಿರಲಿಲ್ಲ, ಸ್ವಲ್ಪ ಕಮ್ಮಿಯೇ ಬಿದ್ದಿತ್ತು.

ಇಲ್ಲಿ ಒಂದು ಎಚ್ಚರ. ಅಂದಾಜಿಗೂ ಆದದ್ದಕ್ಕೂ ವ್ಯತ್ಯಾಸ ಬಂತು ಎಂದ ಮಾತ್ರಕ್ಕೆ ಹೋದ ವರ್ಷದ ಲೆಕ್ಕ ತಪ್ಪು ಎಂದು ಹೇಳುವ ಹಾಗಿಲ್ಲ. ಆವತ್ತು ಅವರಿಗೆ ಗೊತ್ತಿದ್ದ ವಿಷಯದ ಮೇಲೆ ಅವರು ತೀರ್ಮಾನ ಮಾಡಿರುತ್ತಾರೆ. ಈ ಹಿಂದಿನ ನೋಟ ಬೇಕಾಗಿರುವುದು ಬೇರೆ ಕಾರಣಕ್ಕೆ. ಇವರ ಅಂದಾಜು ಸಾಮಾನ್ಯವಾಗಿ ಯಾವ ಕಡೆಗೆ ತಪ್ಪುತ್ತದೆ, ಈ ವರ್ಷ ಎಲ್ಲಿ ಜಾಸ್ತಿ ಹುಡುಕಬೇಕು ಎಂದು ಅದು ನಮಗೆ ತಿಳಿಸುತ್ತದೆ. ನಮಗೆ ತಿಳಿದದ್ದು ಇಷ್ಟು: ಇವರು ನಷ್ಟವನ್ನು ಬೇರೆ ಹೆಸರಿನಲ್ಲಿ ಇಡುತ್ತಾರೆ, ಆಮೇಲೆ ನಷ್ಟ ಕಮ್ಮಿ ಇದೆ ಎಂದು ತೋರಿಸುತ್ತಾರೆ.

ಯಾವ ಮೂರು ವರ್ಷ?

ಹೋದ ವರ್ಷದವರೆಗೆ ಕಂಪನಿ ಐದು ವರ್ಷದ ಸರಾಸರಿ ತೆಗೆಯುತ್ತಿತ್ತು. ಈ ವರ್ಷ ಮೂರಕ್ಕೆ ಇಳಿಸಿತು. ಕಾರಣ ಕೇಳಿದಾಗ, 2019-20ರ ಬಿಲ್‌ಗಳು ಲಾಕ್‌ಡೌನಿಗೆ ಸಿಕ್ಕಿಹಾಕಿಕೊಂಡವು, ಅಂಥ ವರ್ಷ ಮತ್ತೆ ಬರುವುದಿಲ್ಲ, ಅದಕ್ಕೇ ಬಿಟ್ಟೆವು ಎಂದರು.

ಒಪ್ಪಬಹುದಾದ ಮಾತು. ಆದರೆ ಅದರ ಜೊತೆಗೆ 2018-19 ಕೂಡ ಹೊರಗೆ ಹೋಯಿತಲ್ಲ? ನಾವು ಆ ಎರಡು ವರ್ಷದ ನಷ್ಟ ತೆಗೆದು ನೋಡಿದೆವು. 2019-20ರ ಬಿಲ್‌ಗಳಲ್ಲಿ 2 ಕೋಟಿ. 2018-19ರ ಬಿಲ್‌ಗಳಲ್ಲಿ 2.4 ಕೋಟಿ. ಲಾಕ್‌ಡೌನ್ ವರ್ಷಕ್ಕಿಂತ ಜಾಸ್ತಿ. ಯಾಕೆ ಎಂದು ಇಲ್ಲಿರುವ ಯಾರಿಗೂ ಹೇಳಬೇಕಾಗಿಲ್ಲ. 2018ರಲ್ಲಿ ನಮ್ಮ ಕಡೆಯ ಬಹಳಷ್ಟು ತಾಲ್ಲೂಕುಗಳಲ್ಲಿ ಬರ. ಬೆಳೆ ಕೈಕೊಟ್ಟಿತು, ರೈತ ಡೀಲರ್‌ಗೆ ಕೊಡಲಿಲ್ಲ, ಡೀಲರ್ ಕಂಪನಿಗೆ ಕೊಡಲಿಲ್ಲ.

ಈಗ ಯೋಚನೆ ಮಾಡಿ. ಈ ವರ್ಷದ ಹಳೆ ಬಾಕಿ ಯಾವಾಗಿನದು? 2023-24ರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ಅಂದರೆ ಕೈಯಲ್ಲಿರುವ ಹಳೆ ಬಾಕಿಗೆ ಎಲ್ಲಕ್ಕಿಂತ ಹತ್ತಿರದ ಹೋಲಿಕೆ ಎಂದರೆ 2018-19. ಸರಿಯಾಗಿ ಆ ವರ್ಷವೇ ಲೆಕ್ಕದಿಂದ ಹೊರಗೆ ಬಿದ್ದಿದೆ. ಲಾಕ್‌ಡೌನ್ ಅಪರೂಪದ್ದು ಎಂದು ವಾದಿಸಬಹುದು. ಉತ್ತರ ಕರ್ನಾಟಕದಲ್ಲಿ ಪಂಪ್ ಮಾರುವವರು ಬರವನ್ನು ಅಪರೂಪ ಎನ್ನುವ ಹಾಗಿಲ್ಲ.

ಐದೂ ವರ್ಷ ಸೇರಿಸಿದರೆ ಸರಾಸರಿ ನಷ್ಟ 1.2 ಕೋಟಿಯ ಬದಲು 1.6 ಕೋಟಿ. ಪ್ರಾವಿಷನ್ 1.62 ಕೋಟಿ ಇದ್ದದ್ದು 2.16 ಕೋಟಿ ಆಗುತ್ತದೆ. ವ್ಯತ್ಯಾಸ 54 ಲಕ್ಷ.

ಹಣಕಾಸು ಮುಖ್ಯಸ್ಥರು ಕೇಳಿದರು, "ಸರ್, ಮೂರು ವರ್ಷ ತೆಗೆದುಕೊಳ್ಳುವುದು ತಪ್ಪಾ? ಐದೇ ಇರಬೇಕು ಎಂದು ಎಲ್ಲಿ ಬರೆದಿದೆ?" ಎಲ್ಲೂ ಬರೆದಿಲ್ಲ. ಮೂರು ಕೂಡ ತಪ್ಪಲ್ಲ. ನಾನು ಅವರಿಗೆ ಕೇಳಿದ್ದು ಬೇರೆ. "ಒಂದು ವೇಳೆ ಆ ಎರಡು ಹಳೆ ವರ್ಷದಲ್ಲಿ ನಷ್ಟ ಕಮ್ಮಿ ಇದ್ದಿದ್ದರೆ ಆಗಲೂ ಬಿಡುತ್ತಿದ್ದಿರಾ, ಸರ್?" ಅವರು ತಕ್ಷಣ ಉತ್ತರ ಕೊಡಲಿಲ್ಲ. ಈ ಪ್ರಶ್ನೆಯನ್ನು ನೀವೂ ಕೇಳಿ ನೋಡಿ. ಯಾರನ್ನೂ ಅವಮಾನಿಸಲು ಅಲ್ಲ. ಬದಲಾವಣೆಗೆ ಕಾರಣ ಇತ್ತಾ, ಬೇಕಾದ ಉತ್ತರ ಮೊದಲೇ ಇತ್ತಾ ಎಂಬುದು ಇದರಿಂದ ಬೇಗ ತಿಳಿಯುತ್ತದೆ.

ಅಂದ ಹಾಗೆ, ಐದರಿಂದ ಮೂರಕ್ಕೆ ಬಂದದ್ದು ಅಂದಾಜಿನಲ್ಲಿ ಆದ ಬದಲಾವಣೆ. ಅದರ ಪರಿಣಾಮ ಎಷ್ಟು ಎಂದು ಇಂಡ್ ಎಎಸ್ 8ರ ಪ್ರಕಾರ ಟಿಪ್ಪಣಿಯಲ್ಲಿ ಹೇಳಬೇಕು. ಕರಡು ಲೆಕ್ಕಪತ್ರದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಒಂದು ಬಿಲ್ಲಿನ ಕತೆ

ಇನ್ನು ಬಾಕಿಯ ವಯಸ್ಸು. ಏಜಿಂಗ್ ಪಟ್ಟಿ ಸಾಫ್ಟ್‌ವೇರಿನಿಂದ ತಾನಾಗೇ ಬರುತ್ತದೆ, ಅದನ್ನೇನು ನೋಡುವುದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಮ್ಮ ತಂಡದಲ್ಲಿದ್ದ ಆರ್ಟಿಕಲ್ ಹುಡುಗಿಯೊಬ್ಬಳು ಬಾಗಲಕೋಟೆ ಕಡೆಯ ಒಬ್ಬ ಡೀಲರ್‌ನ ಲೆಡ್ಜರ್ ನೋಡುತ್ತಿದ್ದಳು. ಡಿಸೆಂಬರ್‌ನಲ್ಲಿ ಆ ಡೀಲರ್ 6,40,000 ರೂಪಾಯಿ ಕಳಿಸಿದ್ದರು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಜಮೆಯ ಎದುರಿಗೆ ಬಿಲ್ ನಂಬರ್ 812 ಎಂದಿತ್ತು. ಲೆಡ್ಜರಿನಲ್ಲಿ ನೋಡಿದರೆ ಅದೇ ದುಡ್ಡನ್ನು ಬಿಲ್ ನಂಬರ್ 143ಕ್ಕೆ ಜಮಾ ಹಾಕಿದ್ದರು. 143 ಎಂದರೆ ಹಿಂದಿನ ವರ್ಷದ ಜೂನ್ ತಿಂಗಳ ಬಿಲ್.

ಅವಳು ಅಲ್ಲಿಗೇ ಬಿಡಲಿಲ್ಲ. ಡೀಲರ್ ಫೈಲ್ ತರಿಸಿದಳು. ಅದರಲ್ಲಿ ಆ ಡೀಲರ್ ಬರೆದ ಪತ್ರ ಇತ್ತು. 143ನೇ ಬಿಲ್ಲಿನ ಮೋಟಾರ್‌ಗಳು ಸುಟ್ಟುಹೋದವು, ಅದರ ದುಡ್ಡು ಕೊಡುವುದಿಲ್ಲ, ಹೊಸ ಬಿಲ್ಲಿನ ದುಡ್ಡು ಮಾತ್ರ ಕೊಡುತ್ತೇನೆ ಎಂದು ಸ್ಪಷ್ಟವಾಗಿ ಬರೆದಿದ್ದರು.

ಹೀಗೆ ಮಾಡಿದರೆ ಏನಾಗುತ್ತದೆ? ತಕರಾರಿನಲ್ಲಿರುವ ಹಳೆ ಬಿಲ್ ತೀರಿದಂತೆ ಕಾಣುತ್ತದೆ. ತೀರಿದ ಹೊಸ ಬಿಲ್ ಬಾಕಿ ಇರುವಂತೆ ಕಾಣುತ್ತದೆ. ಒಟ್ಟು ಬಾಕಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ಡೀಲರ್‌ಗೆ ಪತ್ರ ಬರೆದು ಬಾಕಿ ಕೇಳಿದರೂ ತಾಳೆಯಾಗುತ್ತದೆ. ಆದರೆ 24% ದರ ಹಚ್ಚಬೇಕಾದ ಬಾಕಿಗೆ 1.5% ದರ ಬೀಳುತ್ತದೆ.

ಬಿಲ್ ನಂಬರ್ ಹೇಳದೆ ದುಡ್ಡು ಬಂದರೆ ಹಳೆಯದಕ್ಕೆ ಮೊದಲು ಜಮಾ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಕೊಟ್ಟವರು ಇದಕ್ಕೇ ಎಂದು ಹೇಳಿ ಕೊಟ್ಟು, ನೀವು ಆ ದುಡ್ಡು ತೆಗೆದುಕೊಂಡರೆ ಅದಕ್ಕೇ ಜಮಾ ಮಾಡಬೇಕು. 1872ರ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 59 ಇದನ್ನೇ ಹೇಳುತ್ತದೆ.

ಇದು ಒಬ್ಬ ಡೀಲರ್‌ನ ಕತೆಯಾ, ಎಲ್ಲರದ್ದಾ? ಸಾಫ್ಟ್‌ವೇರಿನ ಎಡಿಟ್ ಲಾಗ್ ತೆರೆದೆವು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಸಾಫ್ಟ್‌ವೇರಿನಲ್ಲಿ ಯಾವ ಬದಲಾವಣೆ ಯಾವಾಗ ಆಯಿತು ಎಂಬ ದಾಖಲೆ ಇರಲೇಬೇಕು ಎಂಬ ನಿಯಮ ಬಂದಿದೆ. ಇಂಥ ಕೆಲಸಕ್ಕೆ ಅದು ದೊಡ್ಡ ಆಸ್ತಿ. ಅಕ್ಟೋಬರ್‌ನಿಂದ ಈಚೆಗೆ ನೂರಾರು ಜಮೆಗಳ ಬಿಲ್ ನಂಬರ್ ಬದಲಾಗಿತ್ತು. ಮೊದಲು ಹೊಸ ಬಿಲ್ಲಿಗೆ ಹಾಕಿ, ಆಮೇಲೆ ಹಳೆಯದಕ್ಕೆ ತಿರುಗಿಸಿದ್ದರು. ಅಕ್ಟೋಬರಿಗೆ ಮುಂಚೆ ಹೀಗಿರಲಿಲ್ಲ. ಹಾಗಾಗಿ ಹಿಂದಿನ ವರ್ಷಗಳ ದರಗಳಿಗೆ ಇದರಿಂದ ಧಕ್ಕೆ ಇಲ್ಲ.

ಅಕ್ಟೋಬರ್‌ನಲ್ಲಿ ಏನಾಗಿತ್ತು? ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ ನವೀಕರಣದ ಮಾತು ಶುರುವಾಗಿತ್ತು. ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಬ್ಯಾಂಕಿನವರು ಡ್ರಾಯಿಂಗ್ ಪವರ್‌ಗೆ ಅಂದರೆ ಎಷ್ಟು ಸಾಲ ತೆಗೆಯಬಹುದು ಎಂಬುದಕ್ಕೆ ಲೆಕ್ಕ ಹಿಡಿಯುವುದಿಲ್ಲ. ಬಾಕಿ ಹೊಸದಾಗಿ ಕಂಡಷ್ಟೂ ಸಿಗುವ ದುಡ್ಡು ಜಾಸ್ತಿ. ಒಲವಿನ ಮೂಲ ಯಾವಾಗಲೂ ಲಾಭದಲ್ಲೇ ಇರುತ್ತದೆ ಎಂದು ತಿಳಿಯಬೇಡಿ. ಇಲ್ಲಿ ಅದು ಬ್ಯಾಂಕಿಗೆ ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿತ್ತು. ಪ್ರಾವಿಷನ್ ಕಮ್ಮಿಯಾದದ್ದು ಅದರ ಹಿಂದೆಯೇ ಬಂದ ಲಾಭ.

ಎಲ್ಲ ಜಮೆಗಳನ್ನು ಡೀಲರ್‌ಗಳು ಹೇಳಿದ ಬಿಲ್ಲಿಗೇ ಹಾಕಿ ನೋಡಿದಾಗ 1.5 ಕೋಟಿ ಬಾಕಿ 1ರಿಂದ 90 ದಿನದ ಗುಂಪಿನಿಂದ ವರ್ಷ ದಾಟಿದ ಗುಂಪಿಗೆ ಹೋಯಿತು. ಆ ಗುಂಪು 2 ಕೋಟಿಯಿಂದ 3.5 ಕೋಟಿಗೆ ಏರಿತು. ಐದು ವರ್ಷದ ದರ ಹಾಕಿದರೆ ಪ್ರಾವಿಷನ್ನಿಗೆ ಇನ್ನೂ 45 ಲಕ್ಷ ಸೇರುತ್ತದೆ.

ಮಳೆ

ಮಳೆಯ ಕಡಿತದ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಹೋದ ವರ್ಷದ ಇಸಿಎಲ್ ಟಿಪ್ಪಣಿ ತೆಗೆದೆವು. ಆಗ ರಾಜ್ಯವೆಲ್ಲ ಬರ. ಮಳೆಗೂ ಡೀಲರ್‌ಗಳ ವಸೂಲಿಗೂ ಸ್ಪಷ್ಟ ಸಂಬಂಧ ಕಂಡುಬಂದಿಲ್ಲ, ಹಾಗಾಗಿ ದರ ಏರಿಸುವುದಿಲ್ಲ ಎಂದು ಬರೆದಿದ್ದರು. ಈ ವರ್ಷ ಮಳೆ ಆಯಿತು, ಸಂಬಂಧ ಕಂಡುಬಂತು. ಮಳೆ ಬಂದಾಗ ದರ ಇಳಿಯುವುದಾದರೆ ಬಾರದಿದ್ದಾಗ ಏರಬೇಕಿತ್ತು. ಎರಡರಲ್ಲಿ ಒಂದು ವರ್ಷದ ವಾದ ಮಾತ್ರ ಸರಿ ಇರಲು ಸಾಧ್ಯ. ಅದೂ ಅಲ್ಲದೆ 10% ಎಂಬ ಅಂಕಿಗೆ ಯಾವ ಆಧಾರವೂ ಇರಲಿಲ್ಲ. ಸ್ಟ್ಯಾಂಡರ್ಡ್ ಕೇಳುವುದು ಆಧಾರ ತೋರಿಸಬಲ್ಲ, ತರ್ಕಕ್ಕೆ ನಿಲ್ಲುವ ಮಾಹಿತಿ. ಈ ಕಡಿತದಿಂದ ಇಳಿದದ್ದು 16 ಲಕ್ಷ.

ಮೂರನ್ನೂ ಒಟ್ಟಿಗೆ ಇಟ್ಟಾಗ

ಈಗ ನಾನು ನಿಮ್ಮ ಮುಂದೆ ಇಡಬೇಕೆಂದು ಬಂದ ಮಾತಿಗೆ ಬಂದೆವು. ಕಂಪನಿಯ ತೆರಿಗೆ ಮುಂಚಿನ ಲಾಭ 14 ಕೋಟಿ. ಅದರ 5%, ಅಂದರೆ 70 ಲಕ್ಷವನ್ನು ನಾವು ಮೆಟೀರಿಯಾಲಿಟಿ ಎಂದು ಇಟ್ಟುಕೊಂಡಿದ್ದೆವು. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕಪತ್ರ ಓದುವವರ ತೀರ್ಮಾನವನ್ನು ಬದಲಿಸಬಹುದು ಎಂದು ಅರ್ಥ.

ವರ್ಷಗಳ ಆಯ್ಕೆಯಿಂದ 54 ಲಕ್ಷ. ಬಾಕಿಯ ವಯಸ್ಸಿನಿಂದ 45 ಲಕ್ಷ. ಮಳೆಯಿಂದ 16 ಲಕ್ಷ. ಒಂದೊಂದನ್ನೇ ನೋಡಿದರೆ ಯಾವುದೂ 70 ಲಕ್ಷ ಮುಟ್ಟುವುದಿಲ್ಲ. ಮೂರು ಜನ ಆರ್ಟಿಕಲ್‌ಗಳು ಮೂರು ಬೇರೆ ಬೇರೆ ಹಾಳೆಯಲ್ಲಿ ಇವನ್ನು ನೋಡಿದ್ದರೆ ಮೂರು ಕಡೆಯೂ "ಮೆಟೀರಿಯಲ್ ಅಲ್ಲ, ಬಿಡಬಹುದು" ಎಂದು ಬರೆದಿರುತ್ತಿದ್ದರು. ಕೂಡಿಸಿದರೆ 1.15 ಕೋಟಿ. ಮೂರೂ ಒಂದೇ ಕಡೆಗೆ, ಪ್ರಾವಿಷನ್ ಇಳಿಯುವ ಕಡೆಗೆ.

ಪ್ರಾಮಾಣಿಕವಾಗಿ ಅಂದಾಜು ಮಾಡಿದವರ ತೀರ್ಮಾನಗಳು ಸಾಮಾನ್ಯವಾಗಿ ಚದುರಿರುತ್ತವೆ. ಒಂದು ಪ್ರಾವಿಷನ್ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ. ಎಲ್ಲವೂ ಒಂದೇ ಕಡೆ ಬಿದ್ದರೆ, ಅದರಲ್ಲೂ ಎಲ್ಲ ಬದಲಾವಣೆಗಳೂ ಒಂದೇ ವರ್ಷ ಆಗಿದ್ದರೆ, ನಿಂತು ನೋಡಬೇಕು. ಅದಕ್ಕೇ ನಮ್ಮ ಫೈಲಿನಲ್ಲಿ ಒಂದು ಹಾಳೆ ಬೇರೆಯೇ ಇಡುತ್ತೇವೆ. ಕಂಪನಿಯ ಎಲ್ಲ ದೊಡ್ಡ ಅಂದಾಜುಗಳೂ ಅದರಲ್ಲಿ ಬರುತ್ತವೆ. ಇಸಿಎಲ್, ವಾರಂಟಿ, ಹಳೆ ಸ್ಟಾಕು, ಗ್ರಾಚ್ಯುಟಿ. ಒಂದೊಂದರ ಎದುರಿಗೆ ಈ ವರ್ಷ ಏನು ಬದಲಾಯಿತು, ಅದರಿಂದ ಲಾಭ ಏರಿತಾ ಇಳಿಯಿತಾ, ಎಷ್ಟು ಎಂದು ಬರೆಯುತ್ತೇವೆ. ಹಾಳೆ ತುಂಬಿದ ಮೇಲೆ ಒಲವು ತಾನಾಗೇ ಕಣ್ಣಿಗೆ ಬೀಳುತ್ತದೆ. ಈ ಕಂಪನಿಯಲ್ಲಿ ವಾರಂಟಿ ದರವನ್ನೂ ಅದೇ ವರ್ಷ ಸ್ವಲ್ಪ ಇಳಿಸಿದ್ದರು.

ಒಲವು ಇದೆ ಎಂದರೆ ಮೋಸ ಇದೆ ಎಂದಲ್ಲ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ. ತಾನು ವರ್ಷವಿಡೀ ದುಡಿದು ಕಟ್ಟಿದ ವ್ಯಾಪಾರದ ಬಗ್ಗೆ ಯಾರಿಗಾದರೂ ನಂಬಿಕೆ ಇರುತ್ತದೆ. ಡೀಲರ್ ಕೊಟ್ಟೇ ಕೊಡುತ್ತಾನೆ ಎಂದು ಮಾರಾಟದವರು ಮನಸಾರೆ ನಂಬಿರುತ್ತಾರೆ. ಬೇರೆಯವರನ್ನು ತಪ್ಪು ದಾರಿಗೆ ಎಳೆಯುವ ಉದ್ದೇಶ ಇದ್ದಾಗ ಮಾತ್ರ ಅದು ವಂಚನೆ. ಮೂರು ವರ್ಷದ ಆಯ್ಕೆ, ಮಳೆಯ ಕಡಿತ, ಇವನ್ನು ನಾವು ಒಲವು ಎಂದೇ ಕಂಡೆವು. ಜಮೆಗಳ ಬಿಲ್ ನಂಬರ್ ತಿರುಗಿಸಿದ್ದನ್ನು ಹಾಗೆ ನೋಡಲು ಆಗಲಿಲ್ಲ. ಯಾರು ಹೇಳಿದರು, ಬ್ಯಾಂಕಿಗೆ ಯಾವ ಪಟ್ಟಿ ಹೋಯಿತು ಎಂಬುದನ್ನು ಎಸ್‌ಎ 240ರ ಪ್ರಕಾರ ಬೇರೆಯಾಗಿಯೇ ವಿಚಾರಿಸಿ, ನೇರವಾಗಿ ಆಡಿಟ್ ಕಮಿಟಿಯ ಮುಂದಿಟ್ಟೆವು.

ನಮ್ಮ ಅಂದಾಜು

ಅವರದು ಸರಿಯಿಲ್ಲ ಎಂದರೆ ಸಾಲದು. ಎಷ್ಟಿರಬೇಕು ಎಂದು ನಾವೂ ಹೇಳಬೇಕು. ಒಂದೇ ಅಂಕಿ ಹೇಳಲಾಗುವುದಿಲ್ಲ, ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ಹೇಳಬಹುದು.

ಕೆಳಗಿನ ತುದಿಗೆ ಮ್ಯಾನೇಜ್‌ಮೆಂಟಿನ ವಾದದಲ್ಲಿ ನ್ಯಾಯ ಇರುವಷ್ಟನ್ನು ಒಪ್ಪಿಕೊಂಡೆವು. ಲಾಕ್‌ಡೌನಿಗೆ ಸಿಕ್ಕ 2019-20ನ್ನು ಬಿಟ್ಟು, ಉಳಿದ ನಾಲ್ಕು ವರ್ಷದ ಸರಾಸರಿ 1.5 ಕೋಟಿ ಹಿಡಿದೆವು. ಸರಿಪಡಿಸಿದ ಏಜಿಂಗ್ ಪಟ್ಟಿಗೆ ಆ ದರ ಹಚ್ಚಿದಾಗ ಬಂದದ್ದು 2.45 ಕೋಟಿ. ಮೇಲಿನ ತುದಿಗೆ ಐದೂ ವರ್ಷ ಸೇರಿಸಿ, ದರ ವ್ಯತ್ಯಾಸದ ಹೆಸರಿನಲ್ಲಿ ಹೋದ ನಷ್ಟವನ್ನೂ ಕೂಡಿಸಿದೆವು. ಹಳೆ ವರ್ಷಗಳ ಎಲ್ಲ ಕ್ರೆಡಿಟ್ ನೋಟ್‌ಗಳ ಕಾಗದ ಸಿಗಲಿಲ್ಲ. ಸಿಕ್ಕಷ್ಟರ ಮೇಲೆ ವರ್ಷಕ್ಕೆ ಸರಾಸರಿ 20 ಲಕ್ಷ ಎಂದಾಯಿತು. ಕಾಗದ ಪೂರ್ತಿ ಇಲ್ಲದ್ದರಿಂದ ಅದನ್ನು ಮೇಲಿನ ತುದಿಗೆ ಮಾತ್ರ ಸೇರಿಸಿದೆವು. ಬಂದದ್ದು 2.94 ಕೋಟಿ.

ತುದಿಯಿಂದ ತುದಿಗೆ 49 ಲಕ್ಷ ಅಂತರ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, 1 ಕೋಟಿಯಿಂದ 5 ಕೋಟಿ ಎಂದು ಬರೆದರೆ ಯಾವ ಅಂಕಿಯೂ ಅದರೊಳಗೆ ಬಂದುಬಿಡುತ್ತದೆ, ಆಡಿಟ್ ಮಾಡಿದಂತೆಯೇ ಆಗುವುದಿಲ್ಲ. ಈ ಅಂತರ ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿಗಿಂತ ಜಾಸ್ತಿ ಇರಬಾರದು ಎಂಬುದು ಎಸ್‌ಎ 540ರ ಸಾಮಾನ್ಯ ಸಲಹೆ. ಪರ್ಫಾರ್ಮೆನ್ಸ್ ಮೆಟೀರಿಯಾಲಿಟಿ ಎಂದರೆ ಮೆಟೀರಿಯಾಲಿಟಿಗಿಂತ ಸ್ವಲ್ಪ ಕೆಳಗೆ ನಾವು ಕೆಲಸಕ್ಕೆ ಇಟ್ಟುಕೊಳ್ಳುವ ಮಿತಿ, ನಮ್ಮಲ್ಲಿ ಅದು 52.5 ಲಕ್ಷ ಇತ್ತು.

ಕಂಪನಿಯ 1.46 ಕೋಟಿ ಈ ಎರಡು ತುದಿಗಳ ಹೊರಗೇ ಉಳಿಯಿತು. ಆಗ ತಪ್ಪಿನ ಮೊತ್ತ ಎಷ್ಟು? ಹತ್ತಿರದ ತುದಿಯಿಂದ ಲೆಕ್ಕ ಹಾಕಬೇಕು. 2.45ರಲ್ಲಿ 1.46 ಕಳೆದರೆ ಕನಿಷ್ಠ 99 ಲಕ್ಷ. ಹೋದ ವರ್ಷದ ಲಾಭ 13.4 ಕೋಟಿ ಇತ್ತು. ಈ ವರ್ಷದ 14 ಕೋಟಿಯಲ್ಲಿ 99 ಲಕ್ಷ ಹೋದರೆ 13.01 ಕೋಟಿ. ಏರಿಕೆ ಎಂದಿದ್ದದ್ದು ಇಳಿಕೆ ಆಗುತ್ತದೆ. ಲಾಭ ಹೋದ ವರ್ಷಕ್ಕಿಂತ ಕಮ್ಮಿಯಾಗಬಾರದು ಎಂದು ಮೂಲ ಕಂಪನಿಯಿಂದ ಒತ್ತಡ ಇತ್ತು ಎಂದು ಆಮೇಲೆ ತಿಳಿಯಿತು.

ಕೇಳಿದ ಒಂದು ಪ್ರಶ್ನೆ

ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. "ಪ್ರಾವಿಷನ್ ಕಮ್ಮಿ ಇದ್ದರೆ ಸರಿ, ಕೇಳಬೇಕು. ಜಾಸ್ತಿ ಇಟ್ಟರೆ ನಮಗೇನು? ಜಾಗ್ರತೆ ಒಳ್ಳೆಯದೇ ಅಲ್ವಾ?"

ನಮ್ಮಲ್ಲಿ ಬಹಳ ಜನಕ್ಕೆ ಹೀಗೇ ಅನಿಸುತ್ತದೆ. ಆದರೆ ಒಳ್ಳೆಯ ವರ್ಷದಲ್ಲಿ ಜಾಸ್ತಿ ತೆಗೆದಿಟ್ಟವರು ಕೆಟ್ಟ ವರ್ಷದಲ್ಲಿ ಅದನ್ನು ಸುಮ್ಮನೆ ಹೊರಗೆ ಬಿಡುತ್ತಾರೆ. ವ್ಯಾಪಾರ ಬಿದ್ದದ್ದು ಲಾಭದಲ್ಲಿ ಕಾಣಿಸುವುದೇ ಇಲ್ಲ. ಓದುವವರಿಗೆ ಎರಡೂ ವರ್ಷದ ಲೆಕ್ಕ ಸುಳ್ಳಾಗುತ್ತದೆ. ಅಮೆರಿಕದ ಸನ್‌ಟ್ರಸ್ಟ್ ಬ್ಯಾಂಕಿನ ವಿಷಯದಲ್ಲಿ 1998ರಲ್ಲಿ ಇದೇ ಆಯಿತು. ಸಾಲದ ನಷ್ಟಕ್ಕೆ ಜಾಸ್ತಿ ತೆಗೆದಿಟ್ಟಿದ್ದೀರಿ ಎಂದು ಅಲ್ಲಿನ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ತಕರಾರು ತೆಗೆಯಿತು. ಬ್ಯಾಂಕು ಹಿಂದಿನ ವರ್ಷಗಳ ಲೆಕ್ಕ ತಿದ್ದಿ 10 ಕೋಟಿ ಡಾಲರ್ ಇಳಿಸಬೇಕಾಯಿತು. ನಮ್ಮಲ್ಲೂ ಫೈನಾನ್ಸ್ ಕಂಪನಿಗಳು ಲಾಭವನ್ನು ಸಮ ಮಾಡಿಕೊಳ್ಳಲು ಇಸಿಎಲ್ ಮಾದರಿಯನ್ನು ಬದಲಿಸಬಾರದು ಎಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನ ಸುತ್ತೋಲೆಯಲ್ಲಿ ಹೇಳಿದೆ. ಹಾಗಾಗಿ ಎಲ್ಲ ಅಂದಾಜುಗಳನ್ನು ಬರೆಯುವ ಆ ಹಾಳೆಯಲ್ಲಿ ಎರಡೂ ದಿಕ್ಕಿನ ಕಾಲಂ ಇರಲಿ.

ಕೊನೆಗೆ ಆದದ್ದು

ಆಡಿಟ್ ಕಮಿಟಿಯ ಮುಂದೆ ನಾವು 812 ಮತ್ತು 143ನೇ ಬಿಲ್‌ಗಳನ್ನು, ಡೀಲರ್‌ನ ಪತ್ರವನ್ನು, ಎರಡು ವರ್ಷದ ಮಳೆ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟೆವು. ಮಾತು ಬಹಳ ಹೊತ್ತು ನಡೆಯಲಿಲ್ಲ. ಜಮೆಗಳನ್ನು ಸರಿಪಡಿಸಲು, ಬ್ಯಾಂಕಿಗೆ ತಿದ್ದಿದ ಸ್ಟೇಟ್‌ಮೆಂಟ್ ಕೊಡಲು ಕಮಿಟಿ ಹೇಳಿತು. ಕಂಪನಿ 1.10 ಕೋಟಿ ಹೆಚ್ಚುವರಿ ಪ್ರಾವಿಷನ್ ಮಾಡಿತು. ಒಟ್ಟು 2.56 ಕೋಟಿ. ಒಪ್ಪದೇ ಇದ್ದಿದ್ದರೆ ನಮ್ಮ ವರದಿಯಲ್ಲಿ ಅದು ಕ್ವಾಲಿಫಿಕೇಶನ್, ಅಂದರೆ ಆಕ್ಷೇಪ ಆಗಿ ಬರುತ್ತಿತ್ತು, ಅದನ್ನು ಮೊದಲೇ ಹೇಳಿದ್ದೆವು.

2.56 ಕೋಟಿ ನಮ್ಮ ಅಂದಾಜಿನ ಕೆಳ ತುದಿಗೆ ಹತ್ತಿರ. ಆದರೂ ಒಳಗಿದೆ, ಹಾಗಾಗಿ ಅದು ತಪ್ಪಲ್ಲ, ನಡುವಿಗೆ ತನ್ನಿ ಎಂದು ಕೇಳುವ ಹಕ್ಕು ನಮಗಿಲ್ಲ. ಆದರೆ ಕೆಳಗಿನ ತುದಿಗೆ ಹತ್ತಿರ ಇದೆ ಎಂಬುದನ್ನು ಫೈಲಿನಲ್ಲಿ ಬರೆದಿಟ್ಟಿದ್ದೇವೆ. ವರ್ಷ ದಾಟಿದ 3.5 ಕೋಟಿಯ ಬಿಲ್ ಪಟ್ಟಿಯನ್ನೂ ಅದರ ಜೊತೆಗೇ ಇಟ್ಟಿದ್ದೇವೆ. ಮುಂದಿನ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುವ ತಂಡ ಮೊದಲು ತೆರೆಯಬೇಕಾದದ್ದು ಆ ಪಟ್ಟಿ.